ಸರಾಸರಿ ಸರಿ, ಮೂರು ಕ್ರೂಸಿಬಲ್‌ಗಳೂ ತಪ್ಪು

ಪ್ರಶ್ನೆ: ಮೇಡಂ, ನಾನು ಎಂ.ಎಸ್ಸಿ. ಮೊದಲ ಸೆಮಿಸ್ಟರ್ ವಿದ್ಯಾರ್ಥಿ. ಲ್ಯಾಬ್‌ನಲ್ಲಿ ಕೊಟ್ಟ ಲವಣದಲ್ಲಿ ಕ್ಲೋರೈಡ್ ಎಷ್ಟಿದೆ ಅಂತ ಸಿಲ್ವರ್ ಕ್ಲೋರೈಡ್ ಮಾಡಿ ತೂಗಿ ಕಂಡುಹಿಡಿಯಬೇಕಿತ್ತು. ಮೂರು ಸಲ ಮಾಡಿದೆ. 0.4012 ಗ್ರಾಂ ಲವಣಕ್ಕೆ 0.6931 ಗ್ರಾಂ, 0.4035ಕ್ಕೆ 0.6868, 0.3987ಕ್ಕೆ 0.6894 ಅವಕ್ಷೇಪ ಸಿಕ್ಕಿತು. ಅಂದರೆ ಕ್ಲೋರೈಡ್ ಶೇಕಡಾ 42.73, 42.11, 42.77. ಸರಾಸರಿ 42.54. ನಿಜವಾದ ಬೆಲೆ 42.50 ಅಂತ ಆಮೇಲೆ ಸರ್ ಹೇಳಿದರು. "ನಿಖರತೆ ಚೆನ್ನಾಗಿದೆ, ಅಲ್ಪ ದೋಷಕ್ಕೆ ಬೆಳಕಿನಿಂದಾದ ವಿಭಜನೆ, ಅವಕ್ಷೇಪ ಕರಗುವಿಕೆ, ತಕ್ಕಡಿಯ ದೋಷ, ಮಾನವ ದೋಷ ಕಾರಣ" ಅಂತ ಬರೆದೆ. ಸರ್ ಕೆಂಪು ಪೆನ್ನಲ್ಲಿ "ಯಾವ ಕಡೆಗೆ? ಎಷ್ಟು?" ಅಂತ ಬರೆದು ವಾಪಸ್ ಕೊಟ್ಟರು. ಅವಕ್ಷೇಪ ಮೂರರಲ್ಲೂ ಮೇಲ್ಗಡೆ ತಿಳಿ ನೇರಳೆ ಆಗಿತ್ತು. ಎರಡನೇ ಸಲ ಆಸಿಡ್ ಹಾಕಿದ ವಾಶ್ ನೀರು ಮುಗಿದಿದ್ದರಿಂದ ಬರೀ ಡಿಸ್ಟಿಲ್ಡ್ ವಾಟರ್‌ನಲ್ಲಿ ಹತ್ತು ಸಲ ತೊಳೆದೆ, ಕೆಳಗಿನ ಫ್ಲಾಸ್ಕ್ ಹಾಲಿನಂತಾಯಿತು. ಉಳಿದೆರಡು ಸಲ ತಿಳಿಯಾಗಿಯೇ ಇತ್ತು. ಒಂದು ಗಂಟೆ ಓವನ್‌ನಲ್ಲಿಟ್ಟು ಒಂದೊಂದೇ ಸಲ ತೂಗಿದ್ದೇನೆ. ಕ್ರೂಸಿಬಲ್‌ಗಳು ಇನ್ನೂ ಡೆಸಿಕೇಟರ್‌ನಲ್ಲಿವೆ. ರಿಪೋರ್ಟ್‌ನಲ್ಲಿ ಈಗ ಏನು ಬರೆಯಲಿ?

ಉತ್ತರ: ನಿಮ್ಮ ಸರ್ ಕೇಳಿದ ಎರಡು ಪ್ರಶ್ನೆಗಳಿಗೆ ಉತ್ತರ ನೀವು ಕಳಿಸಿದ ಅಂಕಿಗಳಲ್ಲೇ ಇದೆ. ಶೇಕಡಾ ಲೆಕ್ಕವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಮಿಲಿಗ್ರಾಂನಲ್ಲಿ ಯೋಚಿಸಿ. ಸಿಲ್ವರ್ ಕ್ಲೋರೈಡ್‌ನ ಅಣುತೂಕ 143.32, ಅದರಲ್ಲಿ ಕ್ಲೋರಿನ್ 35.453. ಅಂದರೆ ಅವಕ್ಷೇಪದ ತೂಕವನ್ನು 0.2474ರಿಂದ ಗುಣಿಸಿದರೆ ಕ್ಲೋರೈಡ್. ಈಗ ಹಿಂದುಮುಂದಾಗಿ ಲೆಕ್ಕ ಹಾಕಿ: ಲವಣದಲ್ಲಿ ನಿಜವಾಗಿ ಶೇ. 42.50 ಕ್ಲೋರೈಡ್ ಇದ್ದರೆ ಪ್ರತಿ ಕ್ರೂಸಿಬಲ್‌ನಲ್ಲಿ ಎಷ್ಟು ಅವಕ್ಷೇಪ ಕೂತಿರಬೇಕಿತ್ತು? ಮೊದಲನೆಯದರಲ್ಲಿ 0.6893, ಎರಡನೆಯದರಲ್ಲಿ 0.6932, ಮೂರನೆಯದರಲ್ಲಿ 0.6850 ಗ್ರಾಂ. ನಿಮಗೆ ಸಿಕ್ಕಿದ್ದರ ಪಕ್ಕ ಇವನ್ನು ಇಟ್ಟು ನೋಡಿದರೆ ಮೊದಲನೆಯದರಲ್ಲಿ 3.8 ಮಿಲಿಗ್ರಾಂ ಹೆಚ್ಚು, ಎರಡನೆಯದರಲ್ಲಿ 6.4 ಮಿಲಿಗ್ರಾಂ ಕಡಿಮೆ, ಮೂರನೆಯದರಲ್ಲಿ 4.4 ಮಿಲಿಗ್ರಾಂ ಹೆಚ್ಚು.

ಮೂರರಲ್ಲಿ ಒಂದೂ ಸರಿಯಿಲ್ಲ. ಹೆಚ್ಚಾದ ಎರಡೂ ಸೇರಿ 8.2, ಕಡಿಮೆಯಾದದ್ದು 6.4. ಒಂದನ್ನೊಂದು ಬಹುಮಟ್ಟಿಗೆ ಹೊಡೆದುಹಾಕಿದ್ದರಿಂದ ಸರಾಸರಿ ಚೆಂದ ಕಂಡಿದೆ, ಅಷ್ಟೆ. "ನಿಖರತೆ ಚೆನ್ನಾಗಿದೆ" ಎಂಬ ವಾಕ್ಯವನ್ನು ಮೊದಲು ಹೊಡೆಯಿರಿ. ಆಮೇಲೆ ನಿಮ್ಮ ನಾಲ್ಕು ಕಾರಣಗಳಲ್ಲಿ ಯಾವುದಕ್ಕೆ ನಾಲ್ಕೋ ಆರೋ ಮಿಲಿಗ್ರಾಂ ಅಲುಗಾಡಿಸುವ ಶಕ್ತಿ ಇದೆ ಎಂದು ನೋಡೋಣ.

ತಕ್ಕಡಿಯದು ಬೇಗ ಮುಗಿಯುತ್ತದೆ. ನಾಲ್ಕನೇ ದಶಮಾಂಶ ತೋರಿಸುವ ತಕ್ಕಡಿಯಲ್ಲಿ ಪ್ರತಿ ತೂಕಕ್ಕೆ 0.1 ಮಿಲಿಗ್ರಾಂ ಆಚೀಚೆ ಎಂದುಕೊಳ್ಳಿ. ಲವಣಕ್ಕೆ ಎರಡು ತೂಕ, ಅವಕ್ಷೇಪಕ್ಕೆ ಎರಡು ತೂಕ. ಎಲ್ಲ ಸೇರಿದರೂ ನಿಮ್ಮ ಉತ್ತರದಲ್ಲಿ 0.02ರಷ್ಟು ವ್ಯತ್ಯಾಸ, ಅಂದರೆ 42.50 ಇದ್ದದ್ದು 42.52 ಆಗಬಹುದು. 42.11 ಆಗುವುದಿಲ್ಲ. ಪಾಪ, ಪ್ರತಿ ವರ್ಷ ಪ್ರತಿ ರಿಪೋರ್ಟ್‌ನಲ್ಲೂ ಬೈಸಿಕೊಳ್ಳುವುದು ಆ ತಕ್ಕಡಿಯೇ.

ಕರಗುವಿಕೆಯೂ ಹಾಗೆಯೇ. ಸಿಲ್ವರ್ ಕ್ಲೋರೈಡ್ ನೀರಿನಲ್ಲಿ ಕರಗುವುದಿಲ್ಲ ಎನ್ನುತ್ತೇವಾದರೂ 25 ಡಿಗ್ರಿಯಲ್ಲಿ ಒಂದು ಲೀಟರ್ ಶುದ್ಧ ನೀರಿಗೆ 1.9 ಮಿಲಿಗ್ರಾಂ ಕರಗುತ್ತದೆ. ಬೀಕರ್‌ನಲ್ಲಿದ್ದಾಗ ಇಷ್ಟೂ ಕರಗಿರಲಿಲ್ಲ, ಏಕೆಂದರೆ ನೀವು ಹಾಕಿದ ಸಿಲ್ವರ್ ನೈಟ್ರೇಟ್ ಬೇಕಾದ್ದಕ್ಕಿಂತ ಹೆಚ್ಚೇ ಇತ್ತು. ದ್ರಾವಣದಲ್ಲಿ ಉಳಿದ ಸಿಲ್ವರ್ ಅಯಾನುಗಳು ಕ್ಲೋರೈಡನ್ನು ಕೆಳಕ್ಕೆ ತಳ್ಳಿಬಿಡುತ್ತವೆ, ಕರಗಿ ಉಳಿಯುವುದು ಮಿಲಿಗ್ರಾಂನ ಸಾವಿರದ ಒಂದು ಭಾಗದಷ್ಟು. ತೊಳೆಯುವಾಗ ಮಾತ್ರ ಆ ರಕ್ಷಣೆ ಹೋಗುತ್ತದೆ. ಹತ್ತು ಸಲಕ್ಕೆ 100 ಮಿ.ಲೀ. ತಣ್ಣೀರು ಬಳಸಿದ್ದೀರಿ ಎಂದುಕೊಳ್ಳೋಣ, ಅದು ಪೂರ್ತಿ ಸಂತೃಪ್ತವಾಗಿ ಇಳಿಯಿತು ಎಂದೇ ಇಟ್ಟುಕೊಂಡರೂ ಹೋಗುವುದು 0.2 ಮಿಲಿಗ್ರಾಂ. 6.4 ಮಿಲಿಗ್ರಾಂ ಕರಗಿಸಲು ಮೂರು ಲೀಟರಿಗೂ ಹೆಚ್ಚು ನೀರು ಸುರಿಯಬೇಕಿತ್ತು. ಬಿಸಿನೀರಿನಲ್ಲಿ ತೊಳೆದಿದ್ದರೆ ಮಾತು ಬೇರೆ. ಕುದಿಯುವ ನೀರಿನಲ್ಲಿ ಲೀಟರಿಗೆ 20 ಮಿಲಿಗ್ರಾಂ ಆಸುಪಾಸು ಕರಗುತ್ತದೆ. ಅದಕ್ಕೇ ಬಿಸಿ ಮಾಡಿ ಹೆಪ್ಪುಗಟ್ಟಿಸಿದ ಅವಕ್ಷೇಪವನ್ನು ತಣಿಸಿದ ಮೇಲೆ ಸೋಸಿ ಎನ್ನುವುದು.

ಇನ್ನು ಬೆಳಕು. ಎಲ್ಲರೂ ಬರೆಯುವ ಕಾರಣ ಇದು, ಹೆಚ್ಚಿನವರು ತಪ್ಪಾಗಿ ಬರೆಯುವುದೂ ಇದನ್ನೇ. "ಬೆಳಕು ಬಿದ್ದರೆ ಕ್ಲೋರಿನ್ ಹಾರಿಹೋಗುತ್ತದೆ, ಆದ್ದರಿಂದ ತೂಕ ಕಡಿಮೆಯಾಗುತ್ತದೆ" ಎಂಬುದು ಅರ್ಧ ಸತ್ಯ. ಅವಕ್ಷೇಪವನ್ನು ಸೋಸಿ, ತೊಳೆದು, ಕ್ರೂಸಿಬಲ್‌ನಲ್ಲಿಟ್ಟ ಮೇಲೆ ಬಿಸಿಲು ಬಿದ್ದರೆ ಅದು ನಿಜ. ಆದರೆ ಬೀಕರ್‌ನಲ್ಲಿ, ಹೆಚ್ಚುವರಿ ಸಿಲ್ವರ್ ನೈಟ್ರೇಟ್‌ನಲ್ಲಿ ಮುಳುಗಿದ್ದಾಗ ಬಿಸಿಲು ಬಿದ್ದರೆ ಆಗುವುದು ತದ್ವಿರುದ್ಧ. ಬಿಡುಗಡೆಯಾದ ಕ್ಲೋರಿನ್ ಅಲ್ಲೇ ನೀರು ಮತ್ತು ಸಿಲ್ವರ್ ಅಯಾನಿನ ಜೊತೆ ಸೇರಿ ಹೊಸ ಸಿಲ್ವರ್ ಕ್ಲೋರೈಡ್ ಆಗಿ ಮತ್ತೆ ಕೆಳಗೆ ಬೀಳುತ್ತದೆ:

```
2AgCl → 2Ag + Cl2
3Cl2 + 5Ag+ + 3H2O → 5AgCl + ClO3- + 6H+
```

ಆರು ಪಾಲು ಕ್ಲೋರೈಡ್ ಒಡೆದರೆ ಐದು ಪಾಲು ಹೊಸದಾಗಿ ಬಂದು ಸೇರುತ್ತದೆ, ಒಡೆದದ್ದರ ಬೆಳ್ಳಿಯೂ ಅಲ್ಲೇ ಉಳಿಯುತ್ತದೆ. ಹೀಗೆ ತೂಕ ಏರುತ್ತದೆ. ಒಡೆದ ಪ್ರತಿ ಮಿಲಿಗ್ರಾಂಗೆ ಸುಮಾರು 0.6 ಮಿಲಿಗ್ರಾಂ ಏರಿಕೆ. ಒಣಗಿದ ಮೇಲೆ ಒಡೆದರೆ ಮಿಲಿಗ್ರಾಂಗೆ ಕಾಲು ಮಿಲಿಗ್ರಾಂ ಇಳಿಕೆ. ಆದ್ದರಿಂದ ರಿಪೋರ್ಟ್‌ನಲ್ಲಿ ಬೆಳಕಿನ ಹೆಸರೆತ್ತುವಾಗ ಅದು ಬಿದ್ದದ್ದು ಯಾವ ಹಂತದಲ್ಲಿ ಎಂದು ಹೇಳದಿದ್ದರೆ ಆ ವಾಕ್ಯಕ್ಕೆ ಅರ್ಥವೇ ಇಲ್ಲ.

ಹಾಗಾದರೆ ನಿಮ್ಮ 3.8 ಮತ್ತು 4.4 ಮಿಲಿಗ್ರಾಂ ಏರಿಕೆಗೆ ಬೀಕರ್‌ನಲ್ಲಿ ಬಿದ್ದ ಬೆಳಕು ಕಾರಣವೇ? ಲೆಕ್ಕ ಹಾಕಿ: 3.8 ಏರಬೇಕಾದರೆ ಆರೂವರೆ ಮಿಲಿಗ್ರಾಂ, ಅಂದರೆ ಇಡೀ ಅವಕ್ಷೇಪದ ನೂರರಲ್ಲಿ ಒಂದು ಪಾಲು ಒಡೆದಿರಬೇಕು. ಹಾಗೆ ಒಡೆದ ಅವಕ್ಷೇಪ ನೋಡಲು ಹೇಗಿರುತ್ತದೆ ಎಂದರೆ, ಗಾಜಿನ ಕಡ್ಡಿಯಿಂದ ಕಲಕಿದಾಗ ಒಳಗಡೆಯದೂ ಕಪ್ಪು ನೇರಳೆಗೆ ತಿರುಗಿರುತ್ತದೆ, ನೇರಳೆ ಹಣ್ಣು ತಿಂದ ನಾಲಿಗೆಯ ಹಾಗೆ. ನೀವು ಹೇಳುತ್ತಿರುವುದು ಮೇಲ್ಗಡೆಯ ತಿಳಿ ನೇರಳೆ. ಸಿಲ್ವರ್ ಕ್ಲೋರೈಡ್‌ನ ಬಣ್ಣ ಬಹಳ ಬಾಯಿಬಡುಕ. ತಕ್ಕಡಿಗೆ ತಿಳಿಯದಷ್ಟು ಅಲ್ಪ ಬೆಳ್ಳಿ ಹುಟ್ಟಿದರೂ ಕಣ್ಣಿಗೆ ಕಾಣಿಸಿಬಿಡುತ್ತದೆ. ಲ್ಯಾಬ್‌ನ ಸಾಮಾನ್ಯ ಬೆಳಕಿನಲ್ಲಿ ಕೆಲಸ ಮಾಡಿ, ಕಿಟಕಿಯ ಬಿಸಿಲಿಗೆ ಇಡದೆ, ಕಪಾಟಿನೊಳಗೆ ಹೆಪ್ಪುಗಟ್ಟಲು ಬಿಟ್ಟರೆ ಬರುವ ನೇರಳೆ ಛಾಯೆಯನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಒಂದು ಮಾತು ಮಾತ್ರ ನೆನಪಿಡಿ: ಬೀಕರನ್ನು ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುವ ಕಡೆ ಇಟ್ಟಿದ್ದರೆ ನಿಮ್ಮ ವಿಷಯದಲ್ಲಿ ನನ್ನ ಮಾತು ನಿಲ್ಲುವುದಿಲ್ಲ. ಅದನ್ನು ಹೇಳಬೇಕಾದವರು ನೀವು.

ಎರಡನೇ ಸಲದ ಹಾಲು ಫ್ಲಾಸ್ಕ್‌ಗೆ ಬರೋಣ. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ವಾಕ್ಯ ಅದೇ, ಆದರೆ ರಿಪೋರ್ಟ್‌ನಲ್ಲಿ ಅದು ಬಿಟ್ಟುಹೋಗಿದೆ!

ಸಿಲ್ವರ್ ನೈಟ್ರೇಟ್ ಸುರಿದ ಗಳಿಗೆಯಲ್ಲಿ ಹುಟ್ಟುವುದು ಕಲಿಲ, ಅಂದರೆ ಸೋಸುವ ಗಾಜಿನ ರಂಧ್ರದಲ್ಲಿ ಸಲೀಸಾಗಿ ನುಸುಳಿ ಹೋಗುವಷ್ಟು ಸಣ್ಣ ಕಣಗಳು. ಪ್ರತಿ ಕಣವೂ ಮೈಮೇಲೆ ಸಿಲ್ವರ್ ಅಯಾನುಗಳನ್ನು ಅಂಟಿಸಿಕೊಂಡು ಧನ ವಿದ್ಯುದಂಶ ಹೊತ್ತಿರುತ್ತದೆ, ಅದರ ಸುತ್ತ ನೈಟ್ರೇಟ್ ಅಯಾನುಗಳ ಸಡಿಲವಾದ ಮೋಡ. ಒಂದೇ ವಿದ್ಯುದಂಶದ ಕಣಗಳು ಒಂದನ್ನೊಂದು ದೂಡುವುದರಿಂದ ಗುಂಪುಗೂಡುವುದಿಲ್ಲ. ದ್ರಾವಣದಲ್ಲಿ ನೈಟ್ರಿಕ್ ಆಮ್ಲದಂಥ ವಿದ್ಯುದ್ವಿಚ್ಛೇದ್ಯ ಸಾಕಷ್ಟಿದ್ದರೆ ಆ ಮೋಡ ಕಣಕ್ಕೆ ಒತ್ತಿಕೊಂಡು ತೆಳುವಾಗುತ್ತದೆ. ಬಿಸಿ ಮಾಡಿ ಕಲಕಿದಾಗ ಕಣಗಳು ಹತ್ತಿರ ಬಂದು ಅಂಟಿಕೊಳ್ಳುತ್ತವೆ. ಒಡೆದ ಹಾಲಿನ ಗಸಿಯ ಹಾಗೆ ಅವಕ್ಷೇಪ ಕೆಳಗೆ ಕೂತು, ಮೇಲಿನ ನೀರು ತಿಳಿಯಾಗುವುದು ಆವಾಗಲೇ.

ಆದರೆ ಗಸಿಯೊಳಗಿನ ಕಣಗಳು ಒಂದರೊಳಗೊಂದು ಕರಗಿ ಒಂದೇ ಹರಳಾಗಿರುವುದಿಲ್ಲ. ಬರೀ ಒಟ್ಟಿಗೆ ಕೂತಿರುತ್ತವೆ. ನೀವು ಶುದ್ಧ ನೀರಿನಿಂದ ತೊಳೆಯುತ್ತಾ ಹೋದಾಗ ಮೊದಲ ಮೂರು ನಾಲ್ಕು ಸಲ ಏನೂ ಆಗಿರಲಾರದು, ಆಮ್ಲ ಇನ್ನೂ ಉಳಿದಿತ್ತು. ಐದಾರನೆಯ ಸಲಕ್ಕೆ ಅದು ಪೂರಾ ಹೋಯಿತು, ಮೋಡ ಮತ್ತೆ ಹಿಗ್ಗಿತು, ಕಣಗಳು ಮತ್ತೆ ದೂಡಾಡತೊಡಗಿ ಗಸಿ ಬಿಚ್ಚಿಕೊಂಡು ಕಲಿಲವಾಗಿ ಗಾಜಿನ ರಂಧ್ರಗಳೊಳಗಿಂದ ಇಳಿದುಹೋಯಿತು. ಇದಕ್ಕೆ ಪೆಪ್ಟೈಸೇಶನ್ ಎನ್ನುತ್ತಾರೆ. ಜಾಸ್ತಿ ತೊಳೆದಷ್ಟೂ ಶುದ್ಧ ಎಂಬ ನಂಬಿಕೆ ಇಲ್ಲಿ ಸೋಲುತ್ತದೆ. 200 ಮಿ.ಲೀ. ನೀರಿಗೆ ಅರ್ಧ ಮಿ.ಲೀ.ನಷ್ಟು ಗಾಢ ನೈಟ್ರಿಕ್ ಆಮ್ಲ ಹಾಕಿಕೊಂಡು ತೊಳೆಯುವುದು ಅದಕ್ಕೇ. ಬೇರೆ ಲವಣ ಹಾಕಿದರೆ ಅದು ಕ್ರೂಸಿಬಲ್‌ನಲ್ಲಿ ಉಳಿದು ತೂಗುತ್ತದೆ, ನೈಟ್ರಿಕ್ ಆಮ್ಲವಾದರೆ ಓವನ್‌ನಲ್ಲಿ ಆವಿಯಾಗಿ ಹೋಗುತ್ತದೆ.

ಇಲ್ಲೊಂದು ಅನುಮಾನ ತೆಗೆಯಬೇಕು. ಫ್ಲಾಸ್ಕ್ ಹಾಲಾಗಲು ಇನ್ನೊಂದು ದಾರಿಯೂ ಇದೆ. ಕೆಳಗಿನ ಫ್ಲಾಸ್ಕ್‌ನಲ್ಲಿ ಮೊದಲೇ ಇಳಿದ ಸಿಲ್ವರ್ ನೈಟ್ರೇಟ್ ಇರುತ್ತದೆ. ತೊಳೆಯುವ ನೀರಿನಲ್ಲೇ ಕ್ಲೋರೈಡ್ ಇದ್ದರೆ ಅದು ಫ್ಲಾಸ್ಕ್‌ಗೆ ಬಿದ್ದು ಅಲ್ಲೇ ಹೊಸ ಅವಕ್ಷೇಪ ಕೊಡುತ್ತದೆ, ನಿಮ್ಮ ಕ್ರೂಸಿಬಲ್‌ನಿಂದ ಏನೂ ಕಳೆದಿರುವುದಿಲ್ಲ. ಡಿಸ್ಟಿಲೇಶನ್ ಪ್ಲಾಂಟ್ ಹಳೆಯದಾದ ಕಡೆ, ಬೋರ್‌ವೆಲ್ ನೀರಿನಲ್ಲಿ ತೊಳೆದ ವಾಶ್ ಬಾಟಲನ್ನು ಸರಿಯಾಗಿ ಗಲಬರಿಸದ ಕಡೆ ಇದು ಆಗುತ್ತದೆ. ನಿಮ್ಮಲ್ಲಿ ಹಾಗಾಗಿದ್ದರೆ ಮೊದಲ ಮತ್ತು ಮೂರನೇ ಸಲವೂ ಫ್ಲಾಸ್ಕ್ ಕದಡಬೇಕಿತ್ತು. ಅದೇ ನೀರಿಗೆ ಆಮ್ಲ ಹಾಕಿ ತೊಳೆದಿದ್ದಲ್ಲವೇ? ಅವು ತಿಳಿಯಾಗಿದ್ದವು. ಹಾಗೆ ನಿಮಗೇ ಗೊತ್ತಿಲ್ಲದೆ ಆ ಎರಡು ಫ್ಲಾಸ್ಕ್‌ಗಳು ನಿಮ್ಮ ನೀರನ್ನೂ ಆಮ್ಲವನ್ನೂ ಪರೀಕ್ಷೆ ಮಾಡಿಕೊಟ್ಟಿವೆ. ವಾಶ್ ಬಾಟಲ್ ಬದಲಾಗಿರದಿದ್ದರೆ ಎರಡನೇ ಸಲದ ಹಾಲು ನಿಮ್ಮ ಅವಕ್ಷೇಪವೇ.

ಈ ಮಾತು ಹೆಚ್ಚಿನ ತೂಕಕ್ಕೂ ಸಂಬಂಧಪಟ್ಟದ್ದು. ಲವಣ ಕರಗಿಸಿದ 150 ಮಿ.ಲೀ. ನೀರಿನಲ್ಲಿ ಲೀಟರಿಗೆ ಆರೇಳು ಮಿಲಿಗ್ರಾಂ ಕ್ಲೋರೈಡ್ ಇದ್ದಿದ್ದರೂ ಸಾಕಿತ್ತು, ಅದೇ 4 ಮಿಲಿಗ್ರಾಂ ಅವಕ್ಷೇಪವಾಗಿ ಕೂರುತ್ತಿತ್ತು. ಹೆಚ್ಚಿನ ಫಲಿತಾಂಶ ಬಂದಾಗ ನಾನು ಮೊದಲು ಹಿಡಿಯುವುದು ನೀರನ್ನೇ. ನಿಮ್ಮ ತಿಳಿ ಫ್ಲಾಸ್ಕ್‌ಗಳು ಅದನ್ನು ಬಹುಮಟ್ಟಿಗೆ ಬಿಡುಗಡೆ ಮಾಡಿವೆ. ಆದರೂ ಒಂದು ಬೀಕರ್‌ನಲ್ಲಿ ಅಷ್ಟೇ ನೀರು, ಅಷ್ಟೇ ಆಮ್ಲ ತೆಗೆದುಕೊಂಡು ನಾಲ್ಕು ಹನಿ ಸಿಲ್ವರ್ ನೈಟ್ರೇಟ್ ಹಾಕಿ, ಹಿಂದೆ ಕಪ್ಪು ಕಾಗದ ಹಿಡಿದು ನೋಡಿ. ಎರಡು ನಿಮಿಷದ ಕೆಲಸ, ರಿಪೋರ್ಟ್‌ನಲ್ಲಿ ಒಂದು ಗಟ್ಟಿ ವಾಕ್ಯ ಸಿಗುತ್ತದೆ. ಹೀಗೆ ಕದಡನ್ನು ನೋಡಿ ಕ್ಲೋರೈಡ್ ಅಳೆಯುವುದು ತಮಾಷೆಯ ವಿಷಯವಲ್ಲ. ಪರಮಾಣು ತೂಕಗಳ ಕೆಲಸಕ್ಕೆ 1914ರ ನೊಬೆಲ್ ಪಡೆದ ಹಾರ್ವರ್ಡ್‌ನ ಥಿಯೊಡೋರ್ ರಿಚರ್ಡ್ಸ್ ಇದೇ ಸಿಲ್ವರ್ ಕ್ಲೋರೈಡ್ ಸೋಸಿದ ನೀರಿನಲ್ಲಿ ಉಳಿದ ಚೂರುಪಾರನ್ನು ಅಳೆಯಲೆಂದೇ ನೆಫೆಲೋಮೀಟರ್ ಎಂಬ ಉಪಕರಣ ಮಾಡಿಕೊಂಡಿದ್ದರು.

ಬೆಳಕು ಅಲ್ಲ, ನೀರೂ ಅಲ್ಲ ಅನ್ನಿಸಿದರೆ ಆ 4 ಮಿಲಿಗ್ರಾಂ ಎಲ್ಲಿಂದ ಬಂತು? ಸಿಲ್ವರ್ ನೈಟ್ರೇಟ್ ಸರಿಯಾಗಿ ತೊಳೆದು ಹೋಗಿಲ್ಲ ಎನ್ನೋಣವೇ? ನೀವು 0.1 ಮೋಲಾರ್ ದ್ರಾವಣ ಹಾಕಿದ್ದು ಅಳತೆಗಿಂತ ಹತ್ತಿಪ್ಪತ್ತು ಶೇಕಡಾ ಹೆಚ್ಚು ಎಂದುಕೊಂಡರೆ ಬೀಕರ್‌ನ ದ್ರಾವಣದಲ್ಲಿ ಉಳಿಯುವುದು ಮಿ.ಲೀ.ಗೆ ಹೆಚ್ಚೆಂದರೆ 1 ಮಿಲಿಗ್ರಾಂ. 4 ಮಿಲಿಗ್ರಾಂ ಉಳಿಯಬೇಕಾದರೆ ತೊಳೆಯದ ದ್ರಾವಣ ಕನಿಷ್ಠ 4 ಮಿ.ಲೀ.ನಷ್ಟು ಕ್ರೂಸಿಬಲ್‌ನಲ್ಲೇ ನಿಂತಿರಬೇಕು. ಎರಡು ಮೂರು ಸಲ ತೊಳೆದಿದ್ದರೂ ಅದು ಸಾಧ್ಯವಿಲ್ಲ. ತುದಿಯಿಂದ ಇಳಿಯುವ ಕೊನೆಯ ಹನಿಗಳನ್ನು ಟೆಸ್ಟ್ ಟ್ಯೂಬ್‌ನಲ್ಲಿ ಹಿಡಿದು ಒಂದು ಹನಿ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದಾಗ ಕದಡದಿದ್ದರೆ ಸಾಕು, ಅಲ್ಲಿಗೆ ತೊಳೆಯುವುದನ್ನು ನಿಲ್ಲಿಸಬೇಕು.

ನನ್ನ ಬೆರಳು ಹೋಗುವುದು "ಒಂದು ಗಂಟೆ, ಒಂದೇ ಸಲ" ಎಂಬ ಮಾತಿನ ಕಡೆಗೆ. ಸಿಂಟರ್ಡ್ ಕ್ರೂಸಿಬಲ್‌ನ ರಂಧ್ರದ ತಟ್ಟೆ, ಅದರ ಮೇಲೆ ಸ್ಪಂಜಿನಂಥ ಗಸಿ, ಎರಡೂ ನೀರನ್ನು ಹಿಡಿದುಕೊಳ್ಳುವ ವಸ್ತುಗಳು. ತರಗತಿಯ ಓವನ್ ಹೇಗಿರುತ್ತದೆಂದು ನಿಮಗೂ ಗೊತ್ತು: ಇಪ್ಪತ್ತು ಜನರ ಕ್ರೂಸಿಬಲ್, ಐದೈದು ನಿಮಿಷಕ್ಕೊಮ್ಮೆ ಬಾಗಿಲು ತೆಗೆಯುವವರು, ಡಯಲ್ 110 ತೋರಿಸುತ್ತಿದ್ದರೂ ಒಳಗೆ ಅಷ್ಟು ಇರುತ್ತದೆಂಬ ಭರವಸೆಯಿಲ್ಲ. ಅಲ್ಲಿ ಒಂದು ಗಂಟೆ ಏನೇನೂ ಸಾಲದು. 105ರಿಂದ 110 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟು, ತಣಿಸಿ, ತೂಗಿ, ಮತ್ತೆ ಅರ್ಧ ಗಂಟೆ ಇಟ್ಟು ತೂಗಿ, ಎರಡು ತೂಕಗಳ ನಡುವೆ 0.3 ಅಥವಾ 0.4 ಮಿಲಿಗ್ರಾಂಗಿಂತ ಹೆಚ್ಚು ವ್ಯತ್ಯಾಸ ಇಲ್ಲದಿದ್ದಾಗ ಮಾತ್ರ ಸ್ಥಿರ ತೂಕ ಎನ್ನಬೇಕು. ಒಂದೇ ಸಲ ತೂಗಿದವರಿಗೆ ನೀರು ಉಳಿದಿದೆಯೋ ಇಲ್ಲವೋ ತಿಳಿಯುವ ದಾರಿಯೇ ಇಲ್ಲ. ನಿಮ್ಮ ಡೆಸಿಕೇಟರ್‌ನ ಸಿಲಿಕಾ ಜೆಲ್ ನೀಲಿಯಾಗಿದೆಯೋ ಗುಲಾಬಿಗೆ ತಿರುಗಿದೆಯೋ, ಅದನ್ನೂ ನೋಡಿ.

ಇದೇ ಜಾತಿಯ ಇನ್ನೊಂದು ಶಂಕಿತ ಉಂಟು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ವಿದ್ಯಾರ್ಥಿಗಳಿಗೆ ಮಾಡಿ ತೋರಿಸಲು ಹೊರಟು, ಬೆಲ್ ಹೊಡೆಯುವುದರೊಳಗೆ ಮುಗಿಸುವ ಅವಸರದಲ್ಲಿ ಖಾಲಿ ಕ್ರೂಸಿಬಲನ್ನು ಇನ್ನೂ ಬೆಚ್ಚಗಿರುವಾಗಲೇ ತೂಗಿದೆ. ಅಂಕಿ ನಿಲ್ಲದೆ ಮೆಲ್ಲಗೆ ಏರುತ್ತಲೇ ಇತ್ತು, ನಿಂತ ಹಾಗೆ ಕಂಡಾಗ ಬರೆದುಕೊಂಡೆ. ಬೆಚ್ಚಗಿನ ವಸ್ತು ಸುತ್ತಲ ಗಾಳಿಯನ್ನು ಕಾಯಿಸುತ್ತದೆ, ಆ ಗಾಳಿ ಮೇಲೇರುತ್ತಾ ತಟ್ಟೆಯನ್ನು ಹಗುರ ಮಾಡುತ್ತದೆ. ಹೀಗೆ ಖಾಲಿ ತೂಕ ಕಡಿಮೆ ಬಂತು. ಮರುದಿನ ಅವಕ್ಷೇಪದ ಜೊತೆ ಚೆನ್ನಾಗಿ ತಣಿದ ಕ್ರೂಸಿಬಲ್ ತೂಗಿದಾಗ ಆ ಕಡಿಮೆಯಷ್ಟೂ ಅವಕ್ಷೇಪದ ಲೆಕ್ಕಕ್ಕೆ ಸೇರಿ, ಶುದ್ಧ ಉಪ್ಪಿನಲ್ಲಿ ಇರುವುದಕ್ಕಿಂತ ಹೆಚ್ಚು ಕ್ಲೋರೈಡ್ "ಕಂಡುಹಿಡಿದ" ಕೀರ್ತಿ ನನ್ನದಾಯಿತು. ವಿದ್ಯಾರ್ಥಿಗಳು ಬಹಳ ದಿನ ಅದನ್ನು ಮರೆಯಲಿಲ್ಲ. ನೀವು ಖಾಲಿ ಕ್ರೂಸಿಬಲನ್ನು ಎಷ್ಟು ಹೊತ್ತು ತಣಿಸಿದಿರಿ? ಅರ್ಧ ಗಂಟೆಗಿಂತ ಕಡಿಮೆ ಎಂದಾದರೆ ಈ ಅನುಮಾನ ನಿಮಗೂ ಅನ್ವಯಿಸುತ್ತದೆ.

ಈಗ ಒಂದು ಸೂಕ್ಷ್ಮ ಗಮನಿಸಿ. ಒಣಗಿಸಿದ ರೀತಿ ಮೂರಕ್ಕೂ ಒಂದೇ. ಹಾಗಿದ್ದ ಮೇಲೆ ಮೊದಲ ಮತ್ತು ಮೂರನೆಯದರಲ್ಲಿ ಸೇರಿದ 4 ಮಿಲಿಗ್ರಾಂ ಎರಡನೆಯದರಲ್ಲೂ ಸೇರಿರಲೇಬೇಕಲ್ಲ? ಅಂದರೆ ಎರಡನೆಯದರಿಂದ ಕಳೆದುಹೋದದ್ದು ಬರೀ 6.4 ಅಲ್ಲ, ಹತ್ತು ಮಿಲಿಗ್ರಾಂನಷ್ಟು. ಅದರಲ್ಲಿ ನಾಲ್ಕನ್ನು ಇನ್ನೊಂದು ತಪ್ಪು ಮುಚ್ಚಿಹಾಕಿದೆ. ಫ್ಲಾಸ್ಕ್ "ಹಾಲಿನಂತೆ" ಇತ್ತು ಎಂಬ ನಿಮ್ಮ ಮಾತಿಗೂ ಇದೇ ಹೊಂದುತ್ತದೆ. ಒಂದು ಮಿಲಿಗ್ರಾಂ ಇಳಿದಿದ್ದರೆ ಮಂಜುಮಂಜಾಗಿ ಕಾಣುತ್ತಿತ್ತು, ಹಾಲಾಗುತ್ತಿರಲಿಲ್ಲ.

ಹಾಗಾದರೆ ಎರಡನೆಯದನ್ನು ಕೈಬಿಟ್ಟು ಉಳಿದ ಎರಡನ್ನು ಇಟ್ಟುಕೊಳ್ಳಬಹುದೇ? ಬಿಡಬಹುದು, ಆದರೆ ಬಿಡುವ ಕಾರಣ ಮುಖ್ಯ. ಅಂಕಿ ದೂರ ಇದೆ ಎಂಬ ಒಂದೇ ಕಾರಣಕ್ಕೆ ಬಿಡಲು ಹೊರಟರೆ ಕ್ಯೂ-ಟೆಸ್ಟ್ ಮಾಡಬೇಕಾಗುತ್ತದೆ. 42.11 ಮತ್ತು 42.73ರ ಅಂತರ 0.62, ಒಟ್ಟು ಹರವು 0.66, ಭಾಗಿಸಿದರೆ 0.939. ಮೂರು ಅಂಕಿಗಳಿಗೆ ಶೇ. 90ರ ಭರವಸೆಯಲ್ಲಿ ಬೇಕಾದ್ದು 0.941. ಕೂದಲೆಳೆಯಲ್ಲಿ ಬಿಡಲು ಬರುವುದಿಲ್ಲ! ಬರೀ ಮೂರು ಅಂಕಿಗಳ ಮೇಲೆ ಈ ಪರೀಕ್ಷೆಗೆ ನಾನು ಹೆಚ್ಚು ಬೆಲೆ ಕೊಡುವವಳಲ್ಲ. ನಿಮ್ಮ ಕೈಯಲ್ಲಿ ಅದಕ್ಕಿಂತ ದೊಡ್ಡ ಸಾಕ್ಷಿ ಇದೆ, ಫ್ಲಾಸ್ಕ್ ಹಾಲಾದದ್ದನ್ನು ನೀವು ಕಣ್ಣಾರೆ ಕಂಡಿದ್ದೀರಿ. ಆ ದಿನವೇ ನೋಟ್‌ಬುಕ್‌ನಲ್ಲಿ ಬರೆದಿದ್ದರೆ ಅದನ್ನು ಉಲ್ಲೇಖಿಸಿ ಬಿಡಿ. ಬರೆದಿಲ್ಲವಾದರೆ ಫಲಿತಾಂಶ ತಿಳಿದ ಮೇಲೆ ನೆನಪಾದ ಕಾರಣವನ್ನು ಯಾರೂ ನಂಬಲಾರರು, ಆವಾಗ ಮೂರನ್ನೂ ಇಟ್ಟುಕೊಂಡು ಹರವನ್ನು ತೋರಿಸುವುದೇ ಮರ್ಯಾದೆ.

ಬಿಟ್ಟರೆ ಸರಾಸರಿ 42.75 ಆಗುತ್ತದೆ. 42.54ಕ್ಕಿಂತ ನಿಜ ಬೆಲೆಯಿಂದ ಇನ್ನೂ ದೂರ, ಸುಮಾರು ಶೇ. 0.6 ಹೆಚ್ಚು. ಹೊಟ್ಟೆಯುರಿಯುತ್ತದೆ, ಗೊತ್ತು. ಹಾಗೆಂದು ಸರಾಸರಿ ಚೆನ್ನಾಗಿ ಕಾಣಲೆಂದು ಕೆಟ್ಟದ್ದನ್ನು ಇಟ್ಟುಕೊಂಡರೆ ಮುಂದಿನ ಸಲ ಕಲಿಲ ಸೋರದಂತೆ ಜಾಗ್ರತೆಯಿಂದ ಮಾಡಿದಾಗ ಮೂರೂ 42.75 ಬಂದು ನಿಲ್ಲುತ್ತದೆ, ಆಗ ಕಾರಣ ಹುಡುಕುವುದು ಇನ್ನೂ ಕಷ್ಟ.

ಬರವಣಿಗೆಯಲ್ಲಿ "ಮಾನವ ದೋಷ" ಎಂಬ ಪದವನ್ನು ಪೂರ್ತಿ ತೆಗೆದುಹಾಕಿ, ಅದು ಏನನ್ನೂ ಹೇಳುವುದಿಲ್ಲ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: "ಎರಡನೇ ನಿರ್ಣಯದಲ್ಲಿ ಆಮ್ಲವಿಲ್ಲದ ನೀರಿನಿಂದ ತೊಳೆದಾಗ ಫಿಲ್ಟ್ರೇಟ್ ಕದಡಿತು. ಅವಕ್ಷೇಪ ಪೆಪ್ಟೈಸ್ ಆಗಿ ಸೋರಿದ್ದರಿಂದ ಕನಿಷ್ಠ 6.4 ಮಿಲಿಗ್ರಾಂ ಕೊರತೆ. 100 ಮಿ.ಲೀ. ನೀರಿನಲ್ಲಿ ಕರಗುವಿಕೆಯಿಂದ ಆಗಬಹುದಾದ ನಷ್ಟ 0.2 ಮಿಲಿಗ್ರಾಂ ಮಾತ್ರ. ಮೊದಲ ಮತ್ತು ಮೂರನೆಯದರಲ್ಲಿ ಸುಮಾರು 4 ಮಿಲಿಗ್ರಾಂ ಹೆಚ್ಚಳ. ಸ್ಥಿರ ತೂಕ ಖಚಿತಪಡಿಸಿರಲಿಲ್ಲ. ನೀರು ಮತ್ತು ಆಮ್ಲದ ಬ್ಲಾಂಕ್ ಪರೀಕ್ಷೆಯ ಫಲಿತಾಂಶ ಇಂತಿದೆ. ನೇರಳೆ ಛಾಯೆ ಮೇಲ್ಮೈಯಲ್ಲಿ ಮಾತ್ರ ಇದ್ದುದರಿಂದ ಬೆಳಕಿನಿಂದಾದ ಏರಿಕೆ ಇಷ್ಟು ದೊಡ್ಡದಿರಲಾರದು." ದಿಕ್ಕು, ಅಳತೆ, ಕಂಡ ಸಾಕ್ಷಿ ಮೂರೂ ಒಂದೇ ಕಡೆ ಬಂದವು. ನಿಮ್ಮ ಸರ್ ಕೇಳಿದ್ದು ಇಷ್ಟೇ.

ಕ್ರೂಸಿಬಲ್‌ಗಳನ್ನು ತೊಳೆದುಬಿಡದೆ ಇಟ್ಟಿದ್ದು ನಿಮ್ಮ ಅದೃಷ್ಟ, ಊಹೆಯನ್ನು ಪರೀಕ್ಷೆ ಮಾಡಬಹುದು. ಮೊದಲು ಬಿಸಿ ಮಾಡದೆ ಈಗಿರುವಂತೆಯೇ ಮೂರನ್ನೂ ಒಮ್ಮೆ ತೂಗಿ. ಇಷ್ಟು ದಿನ ಬೆಳಕಿನಲ್ಲಿ ಕೂತು ಒಣ ಅವಕ್ಷೇಪ ಕ್ಲೋರಿನ್ ಕಳೆದುಕೊಂಡಿದ್ದರೆ, ಅಥವಾ ಸಿಲಿಕಾ ಜೆಲ್ ಸೋತು ತೇವ ಹತ್ತಿದ್ದರೆ ಅದು ಇಲ್ಲಿ ಬೇರೆಯಾಗಿ ಕಾಣುತ್ತದೆ. ಈ ಹೆಜ್ಜೆ ಬಿಟ್ಟರೆ ಮುಂದಿನ ಇಳಿಕೆ ಯಾವುದರದ್ದೆಂದು ಹೇಳಲಾಗದು. ಆಮೇಲೆ ಓವನ್ ಖಾಲಿಯಿರುವ ದಿನ ನೋಡಿ ಎರಡು ಗಂಟೆ ಇಟ್ಟು, ಅರ್ಧ ಗಂಟೆಗೂ ಹೆಚ್ಚು ತಣಿಸಿ ತೂಗಿ. ಮೂರೂ ಸುಮಾರು ನಾಲ್ಕು ಮಿಲಿಗ್ರಾಂ ಇಳಿದರೆ ನೀರು ಸಿಕ್ಕಿಬಿದ್ದಂತೆ. ಮೊದಲನೆಯದು 42.49ಕ್ಕೂ ಮೂರನೆಯದು 42.52ಕ್ಕೂ ಬಂದು ನಿಲ್ಲುತ್ತವೆ, ಎರಡನೆಯದು 41.86ಕ್ಕೆ ಇಳಿದು ಸೋರಿದ್ದೆಷ್ಟು ಎಂದು ತಾನೇ ಹೇಳುತ್ತದೆ.

ಇಳಿಯದಿದ್ದರೆ ಉಳಿಯುವುದು ಖಾಲಿ ತೂಕದ ಅನುಮಾನ. ಅದನ್ನು ತಿಳಿಯಬೇಕಾದರೆ ಅವಕ್ಷೇಪವನ್ನು ಬಲಿ ಕೊಡಬೇಕು, ಹಾಗಾಗಿ ಇದನ್ನು ಎಲ್ಲಕ್ಕಿಂತ ಕೊನೆಗೆ ಮಾಡಿ. ಒಂದು ಕ್ರೂಸಿಬಲ್‌ಗೆ ಅಮೋನಿಯಾ ದ್ರಾವಣ ಹಾಕಿ ಅವಕ್ಷೇಪವನ್ನು ಕರಗಿಸಿ ಇಳಿಸಿ, ಬೆಳ್ಳಿಯ ಕಪ್ಪು ಚುಕ್ಕಿ ಉಳಿದರೆ ಅಮೋನಿಯಾವನ್ನು ನೀರಿನಿಂದ ಪೂರ್ತಿ ತೊಳೆದ ಮೇಲೆ ಸ್ವಲ್ಪ ನೈಟ್ರಿಕ್ ಆಮ್ಲ ಹಾಕಿ. ಮತ್ತೆ ತೊಳೆದು, ಒಣಗಿಸಿ, ಚೆನ್ನಾಗಿ ತಣಿಸಿ ಖಾಲಿ ತೂಕ ತೆಗೆದುಕೊಳ್ಳಿ. ಮೊದಲು ಬರೆದುಕೊಂಡದ್ದಕ್ಕಿಂತ ನಾಲ್ಕು ಮಿಲಿಗ್ರಾಂ ಹೆಚ್ಚು ಬಂದರೆ ನೀವೂ ನನ್ನ ಹಾಗೆಯೇ ಬೆಲ್‌ಗೆ ಹೆದರಿದವರು. ಕೆಳಗಿಳಿದ ಅಮೋನಿಯಾ ದ್ರಾವಣವನ್ನು ಮಾತ್ರ ನಾಳೆ ನೋಡೋಣ ಎಂದು ಬಾಟಲಿಗೆ ತುಂಬಿಡಬೇಡಿ. ಬೆಳ್ಳಿ ಕರಗಿದ ಅಮೋನಿಯಾ ನಿಂತಲ್ಲೇ ಸ್ಫೋಟಕ ವಸ್ತು ಕೊಡಬಲ್ಲದು. ಆಗಲೇ, ಫ್ಯೂಮ್ ಹುಡ್‌ನೊಳಗೆ, ದುರ್ಬಲ ನೈಟ್ರಿಕ್ ಆಮ್ಲವನ್ನು ಹನಿಹನಿಯಾಗಿ ಹಾಕುತ್ತಾ ಹೋಗಿ. ಲಿಟ್ಮಸ್ ಕೆಂಪಾಗುವ ಹೊತ್ತಿಗೆ ನಿಮ್ಮ ಸಿಲ್ವರ್ ಕ್ಲೋರೈಡ್ ಬೆಳ್ಳಗೆ ಮತ್ತೆ ಬೀಕರ್‌ನ ತಳಕ್ಕೆ ಬಂದಿರುತ್ತದೆ. ಅದನ್ನು ಲ್ಯಾಬ್‌ನ ಬೆಳ್ಳಿ ಶೇಷದ ಬಾಟಲಿಗೆ ಹಾಕಿ.